ಕುಟುರ, ಗೂಗೆ, ಟಿಟ್ಟಿಭ: ಕೂಗು ಹೆಸರಾಗುವ ಬಗೆ

ಬೇಸಿಗೆಯ ಬೆಳಗ್ಗೆ ಮಲೆನಾಡಿನ ಯಾವ ಅಂಗಳದಲ್ಲಿ ನಿಂತರೂ ಒಂದು ಕೂಗು ಕೇಳುತ್ತದೆ. ಮೊದಲು ಗಂಟಲು ಸರಿಮಾಡಿಕೊಂಡಂತೆ 'ಟ್ರ್‌ರ್‌ರ್' ಎಂದು ಒಂದು ಉರುಳು. ಆಮೇಲೆ 'ಕುಟ್ರೂ, ಕುಟ್ರೂ, ಕುಟ್ರೂ' ಎಂದು ಬಿಡುವಿಲ್ಲದೆ ನಿಮಿಷಗಟ್ಟಲೆ. ಒಂದು ಹಕ್ಕಿ ಶುರುಮಾಡಿದರೆ ಪಕ್ಕದ ಮರದಿಂದ ಇನ್ನೊಂದು ಸೇರಿಕೊಳ್ಳುತ್ತದೆ. ತಲೆ ಎತ್ತಿ ಹುಡುಕಿದರೆ ಮಾತ್ರ ಹಕ್ಕಿ ಸುಲಭಕ್ಕೆ ಕಾಣದು. ಮೈ ಎಲೆಹಸಿರು, ತಲೆ ಕಂದು, ಕೆನ್ನೆಯ ಮೇಲೆ ಬಿಳಿ ಪಟ್ಟೆ. ಹಣ್ಣುಬಿಟ್ಟ ಆಲದಲ್ಲೋ ಅತ್ತಿಯಲ್ಲೋ ಅಲುಗಾಡದೆ ಕೂತಿದ್ದರೆ ಎಲೆಯೂ ಅದೂ ಒಂದೇ. ಕನ್ನಡದಲ್ಲಿ ಇದರ ಹೆಸರು ಕುಟುರ. ಕೆಲವೆಡೆ ಕುಟ್ರು, ಕುಟ್ರುಹಕ್ಕಿ ಎಂದೂ ಹೇಳುತ್ತಾರೆ.

ಕಣ್ಣಿಗೆ ಬೀಳದೆ ಕಿವಿಗೆ ಮಾತ್ರ ಸಿಗುವ ಹಕ್ಕಿಗೆ ಹೆಸರು ಕಿವಿಯಿಂದಲೇ ಹುಟ್ಟುವುದು ಸಹಜ. ಇದನ್ನು ಇಂಥ ಪದಗಳ ಮೊದಲ ಸೂತ್ರವೆಂದೇ ಹೇಳಬಹುದು. ದಿನವೂ ಕಣ್ಣೆದುರು ಕುಣಿಯುವ ಗುಬ್ಬಿ 'ಚಿಂವ್ ಚಿಂವ್' ಎಂದು ಎಷ್ಟು ಕೂಗಿದರೂ ಕನ್ನಡದ ಹೆಸರಿನೊಳಗೆ ಆ ಸದ್ದಿನ ಸುಳಿವೇ ಇಲ್ಲ. ಮರಾಠಿಯವರು ಅದೇ ಹಕ್ಕಿಯನ್ನು ಚಿಮಣಿ ಎಂದು ಕರೆದು ಸದ್ದನ್ನು ಹೆಸರಿನಲ್ಲಿ ಉಳಿಸಿಕೊಂಡಿದ್ದಾರೆ. ಕಾಣುವ ಹಕ್ಕಿಗೆ ಕೂಗಿನ ಹೆಸರು ಬರಲೂಬಹುದು, ಬಾರದೆಯೂ ಇರಬಹುದು. ಕಾಣದ ಹಕ್ಕಿಗೆ ಬೇರೆ ದಾರಿ ಕಡಿಮೆ.

ಈ ಮಾತು ಈಗ ಎತ್ತಲು ಕಾರಣವಿದೆ. ಮೊಬೈಲಿನ ಪಕ್ಷಿಪಟ್ಟಿಗಳಿಗೆ, ಕೆರೆ ದಂಡೆಯ ಫಲಕಗಳಿಗೆ, ಶಾಲೆಯ ಗೋಡೆಯ ಚಿತ್ರಗಳಿಗೆ ಕನ್ನಡ ಹೆಸರು ಬೇಕಾಗಿದೆ. ಹೆಸರು ಸಿಗದ ಕಡೆ ಇಂಗ್ಲಿಷ್ ಹೆಸರನ್ನು ಬಿಡಿಸಿ 'ಕಂದುತಲೆಯ', 'ಕೆಂಪುಕೊರಳಿನ', 'ಬಿಳಿಹುಬ್ಬಿನ' ಎಂದು ಅನುವಾದ ಮಾಡುವುದು ಸುಲಭದ ಹಾದಿ. ಬಣ್ಣ ಮತ್ತು ಅಂಗಗಳ ಈ ಹೆಸರುಗಳು ದುರ್ಬೀನು ಹಿಡಿದವರಿಗೆ ಒದಗುತ್ತವೆ. ತೋಟದಲ್ಲಿ ಕೆಲಸ ಮಾಡುತ್ತಲೇ ಹಕ್ಕಿ ಗುರುತಿಸುವವರಿಗೆ ಒದಗುವುದಿಲ್ಲ. ಕೂಗಿನಿಂದ ಹುಟ್ಟಿದ ಹಳೆಯ ಪದಗಳು ಪಟ್ಟಿಯಲ್ಲಿ ಉಳಿಯಬೇಕು. ಆದರೆ ಅದಕ್ಕೆ ಮೊದಲು ಯಾವ ಹೆಸರು ನಿಜಕ್ಕೂ ಕೂಗಿನಿಂದ ಹುಟ್ಟಿದ್ದು, ಯಾವುದು ಹಾಗೆ ಕಾಣುತ್ತದೆ ಅಷ್ಟೆ ಎಂದು ಬೇರ್ಪಡಿಸಲು ಬರಬೇಕು. ಅಲ್ಲಿಯೇ ಹೆಚ್ಚು ತಪ್ಪಾಗುವುದು.

ಕುಟುರವನ್ನೇ ಹತ್ತಿರದಿಂದ ನೋಡೋಣ. ಹಕ್ಕಿಯ ಕೂಗಿನಲ್ಲಿ ಎರಡು ತುಂಡುಗಳಿವೆ. ಮೊದಲನೆಯದು ಗಿಡ್ಡ, ಥಟ್ಟನೆ ಶುರುವಾಗಿ ಥಟ್ಟನೆ ನಿಲ್ಲುತ್ತದೆ. ಎರಡನೆಯದು ಉದ್ದ, ಕೊಂಚ ಉರುಳುತ್ತದೆ. ಥಟ್ಟನೆ ಶುರುವಾಗುವ ಸದ್ದನ್ನು ನಮ್ಮ ಬಾಯಿ ಕ, ಟ, ತ, ಪ ಇಂಥ ಸ್ಪರ್ಶಾಕ್ಷರಗಳಿಂದ ಹಿಡಿಯುತ್ತದೆ. ಉಸಿರನ್ನು ಪೂರ್ತಿ ತಡೆದು ಒಮ್ಮೆಗೇ ಬಿಡುವ ಅಕ್ಷರಗಳು ಅವು. ಉರುಳನ್ನು ಹಿಡಿಯಲು ರ ಇದೆ. ಸದ್ದಿನ ಮಟ್ಟ ತಗ್ಗು, ದುಂಡು. ಅದಕ್ಕೆ ಉ, ಊ. ಹೀಗೆ 'ಕುಟ್-ರೂ' ಸಿದ್ಧವಾಯಿತು. ಇಲ್ಲಿಯ ತನಕ ಇದು ಅನುಕರಣೆ ಮಾತ್ರ, ಇನ್ನೂ ಪದವಲ್ಲ.

ಪದವಾಗಬೇಕಾದರೆ ಅದು ಕನ್ನಡದ ಕಟ್ಟಳೆಗೆ ಒಗ್ಗಬೇಕು. ಆಡುಮಾತಿನ ಕನ್ನಡ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ. ಬಸ್ ಬಂದು ಬಸ್ಸು ಆದದ್ದು ಅದೇ ಕಾರಣಕ್ಕೆ. ಎರಡು ವ್ಯಂಜನ ಒತ್ತಿಕೊಂಡಿದ್ದರೆ ನಡುವೆ ಒಂದು ಸ್ವರ ನುಸುಳಿಸುವುದೂ ವಾಡಿಕೆ. ಆದ್ದರಿಂದ 'ಕುಟ್ರೂ' ಒಂದು ಕಡೆ ದೀರ್ಘ ಕಳೆದುಕೊಂಡು ಕುಟ್ರು ಆಯಿತು, ಇನ್ನೊಂದು ಕಡೆ ಒತ್ತಕ್ಷರ ಬಿಚ್ಚಿಕೊಂಡು ಕುಟುರ ಆಯಿತು. ಇದೇ ಗುಂಪಿನ ಹಕ್ಕಿಗೆ ಮಲಯಾಳದಲ್ಲಿ ಕುಟ್ಟುರುವನ್ ಎನ್ನುತ್ತಾರೆ, ತಮಿಳಿನಲ್ಲಿ ಕುಕ್ಕುರುವಾನ್. ಅವರು ಅದೇ ಸದ್ದಿಗೆ ತಮ್ಮ ಭಾಷೆಯ ಪುರುಷವಾಚಕ ಪ್ರತ್ಯಯ ಹಚ್ಚಿದ್ದಾರೆ. ಮೂರೂ ಕಡೆ ತಿರುಳು ಒಂದೇ: ಕು, ಅದರ ಹಿಂದೆ ಒಂದು ತಡೆ, ಆಮೇಲೆ ರು. ಬಾಲ ಮಾತ್ರ ಅವರವರದು.

ಹಕ್ಕಿಗೆ ತುಟಿಯಿಲ್ಲ, ಹಲ್ಲಿಲ್ಲ, ನಮ್ಮಂತೆ ಧ್ವನಿಪೆಟ್ಟಿಗೆಯಿಂದ ಅದು ಸದ್ದು ಮಾಡುವುದೂ ಇಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ ಅದಕ್ಕೆ ಬೇರೊಂದು ಅಂಗವಿದೆ. ದನಿ ಹೊರಡುವುದು ಅಲ್ಲಿಂದ. ಹೀಗಾಗಿ ಹೆಸರಿನಲ್ಲಿರುವ ಕ, ಟ, ಬ, ಮಗಳು ಹಕ್ಕಿ ಉಚ್ಚರಿಸಿದ ಅಕ್ಷರಗಳಲ್ಲ. ಸದ್ದಿನ ಅಂಚು, ಮಟ್ಟ, ಲಯಗಳಿಗೆ ನಮ್ಮ ಬಾಯಲ್ಲಿ ಸಿಕ್ಕ ಹತ್ತಿರದ ಹೊಂದಿಕೆ ಅವು. ಒಂದೇ ಕೂಗನ್ನು ಒಂದು ಊರು ಕ ಎಂದೂ ಇನ್ನೊಂದು ಊರು ಟ ಎಂದೂ ಕೇಳಿಸಿಕೊಂಡರೆ ಯಾರೂ ತಪ್ಪಿಲ್ಲ. ಸ್ವರ ಮಾತ್ರ ಅಷ್ಟು ಸುಲಭಕ್ಕೆ ಅದಲುಬದಲಾಗುವುದಿಲ್ಲ. ಇ ಎನ್ನುವಾಗ ನಾಲಗೆ ಮುಂದೆ ಬಂದು ಬಾಯ ಮುಂಭಾಗದ ಪೊಳ್ಳು ಚಿಕ್ಕದಾಗುತ್ತದೆ, ದನಿ ತೆಳುವಾಗಿ ಮೊನಚಾಗುತ್ತದೆ. ಊ ಎನ್ನುವಾಗ ತುಟಿ ಮುಂಚಾಚಿ ಪೊಳ್ಳು ದೊಡ್ಡದಾಗುತ್ತದೆ, ದನಿ ಗವಿಯಿಂದ ಬಂದಂತೆ ಆಗುತ್ತದೆ. ತೆಳು ದನಿಯ ಹಕ್ಕಿಗಳ ಹೆಸರಲ್ಲಿ ಇ, ಗಡಸು ತಗ್ಗುದನಿಯ ಹಕ್ಕಿಗಳ ಹೆಸರಲ್ಲಿ ಉ ಕೂರುವುದು ಇದಕ್ಕೇ. ಟಿಟ್ಟಿಭ ಒಂದು ಕಡೆ, ಗೂಗೆ ಇನ್ನೊಂದು ಕಡೆ. ಈ ಎರಡನ್ನು ಅದಲುಬದಲು ಮಾಡಿ ಹೇಳಿ ನೋಡಿದರೆ ಕಿವಿಯೇ ಒಪ್ಪುವುದಿಲ್ಲ.

ಗೂಗೆ ಎಂಬ ಪದ ಹಲವರಿಗೆ ಹೊಸದೆನಿಸಬಹುದು. ಗೂಬೆಯ ಜೊತೆಗೇ ಇರುವ ಹಳೆಯ ರೂಪ ಅದು. ಉತ್ತರ ಕರ್ನಾಟಕದಲ್ಲಿ ಗೂಗಿ ಎಂದು ಇಂದಿಗೂ ಆಡುತ್ತಾರೆ. ತಮಿಳಿನ ಕೂಗೈ, ಸಂಸ್ಕೃತದ ಘೂಕ, ತೆಲುಗಿನ ಗೂಬ ಎಲ್ಲವನ್ನೂ ಪಕ್ಕಪಕ್ಕ ಇಟ್ಟರೆ ಊಕಾರ ಎಲ್ಲೂ ಜಾರಿಲ್ಲ. ನಡುವಿನ ವ್ಯಂಜನ ಮಾತ್ರ ಕ, ಗ, ಬ ಎಂದು ಓಲಾಡಿದೆ. ಕೊಂಬಿನ ಗೂಬೆಯ ರಾತ್ರಿಯ ಕೂಗು ಎರಡು ತುಂಡಿನದು, ಆಳವಾದದ್ದು. ಅದೇ ಬಗೆಯ ಗೂಬೆಯನ್ನು ರೋಮನ್ನರು ಲ್ಯಾಟಿನ್ನಿನಲ್ಲಿ ಬೂಬೊ ಎಂದರು, ವಿಜ್ಞಾನಿಗಳು ಅದನ್ನೇ ಕುಲದ ಹೆಸರಾಗಿ ಉಳಿಸಿಕೊಂಡಿದ್ದಾರೆ. ಗೂಬೆಗೂ ಬೂಬೊಗೂ ನಂಟಿಲ್ಲ. ಒಂದೇ ಸದ್ದು ಎರಡು ನಾಡಿನ ಕಿವಿಗೆ ಬಿದ್ದಿದೆ, ಅಷ್ಟೆ.

ಇದರಿಂದ ಒಂದು ಎಚ್ಚರಿಕೆ ಹುಟ್ಟುತ್ತದೆ. ಸಾಮಾನ್ಯ ಪದಗಳಲ್ಲಿ ಎರಡು ಭಾಷೆಗಳ ನಡುವೆ ಹೋಲಿಕೆ ಕಂಡರೆ ರಕ್ತಸಂಬಂಧವನ್ನೋ ಸಾಲವನ್ನೋ ಊಹಿಸುತ್ತೇವೆ. ಕೂಗಿನ ಪದಗಳಲ್ಲಿ ಆ ತರ್ಕ ನಡೆಯದು. ಕನ್ನಡದ ಕಾಗೆ, ತಮಿಳಿನ ಕಾಕ್ಕೈ, ತೆಲುಗಿನ ಕಾಕಿ, ಸಂಸ್ಕೃತದ ಕಾಕ: ಯಾರು ಯಾರಿಂದ ತೆಗೆದುಕೊಂಡರು ಎಂದು ಜಗಳವಾಡುವವರು ಕಾಗೆಯನ್ನು ಮರೆತಿರುತ್ತಾರೆ. ಅದು ಎಲ್ಲರ ಮಾಡಿನ ಮೇಲೂ ಕೂತು 'ಕಾ' ಎನ್ನುತ್ತಲೇ ಇದೆ. ಬರೋ ಮತ್ತು ಎಮೆನೊ ದ್ರಾವಿಡ ಭಾಷೆಗಳ ನಿರುಕ್ತ ಕೋಶವನ್ನು 1961ರಲ್ಲಿ ಹೊರತಂದರು, 1984ರಲ್ಲಿ ಅದನ್ನು ಪರಿಷ್ಕರಿಸಿದರು. ಎಮೆನೊ 1969ರಲ್ಲಿ ಅನುಕರಣ ಪದಗಳ ಬಗೆಗೇ ಬೇರೆಯಾಗಿ ಬರೆದು, ಪಟಪಟ ಎಂಬಂಥ ಜೋಡುಪದಗಳು ದ್ರಾವಿಡ ಮತ್ತು ಆರ್ಯ ಎಂಬ ಎರಡೂ ಕುಟುಂಬಗಳ ಗಡಿ ದಾಟಿ ಇಡೀ ಭಾರತದ ಭಾಷೆಗಳಲ್ಲಿ ಹರಡಿವೆ ಎಂದು ತೋರಿಸಿದರು.

ಕಾಗೆ ಇನ್ನೊಂದು ಸಂಗತಿಯನ್ನು ಬಹಳ ಸ್ಪಷ್ಟವಾಗಿ ತೋರಿಸುತ್ತದೆ. ಹಕ್ಕಿ ಕೂಗುವುದು 'ಕಾ ಕಾ', ಹೆಸರು ಮಾತ್ರ ಕಾಗೆ. ಎರಡನೆಯ ಕ ಎಲ್ಲಿ ಹೋಯಿತು? ಎರಡು ಸ್ವರಗಳ ನಡುವೆ ಒಂಟಿಯಾಗಿ ಸಿಕ್ಕಿಕೊಂಡ ಕ ಕನ್ನಡದಲ್ಲಿ ಗ ಆಗಿ ಮೆತ್ತಗಾಗುತ್ತದೆ. ಆಕಾಶ ಆಗಸವಾದದ್ದು, ಕೋಕಿಲ ಕೋಗಿಲೆಯಾದದ್ದು ಅದೇ ಬದಲಾವಣೆಯಿಂದ. ತಮಿಳಿನ ಕಾಕ್ಕೈಯಲ್ಲಿ ಕ ಒತ್ತಿಕೊಂಡು ಇಮ್ಮಡಿಯಾಗಿರುವುದರಿಂದ ಗಡಸಾಗಿಯೇ ಉಳಿದಿದೆ. ಅಂದರೆ ಹೆಸರು ಒಮ್ಮೆ ಪದವಾಗಿ ನೆಲೆಗೊಂಡಿತೆಂದರೆ ಅದು ಹಕ್ಕಿಯ ಮಾತು ಕೇಳುವುದಿಲ್ಲ, ಭಾಷೆಯ ಮಾತು ಕೇಳುತ್ತದೆ. ಉತ್ತರ ಕರ್ನಾಟಕದಲ್ಲಿ ಕೊನೆಯ ಎ ಇ ಆಗುವುದರಿಂದ ಅಲ್ಲಿ ಅದು ಕಾಗಿ. ಹಕ್ಕಿಯ ಕೂಗಿನಲ್ಲಿ ಗ ಇಲ್ಲ, ಇ ಇಲ್ಲ, ಎ ಕೂಡ ಇಲ್ಲ. ಮಗುವಿಗೆ ಕಾಗೆ ತೋರಿಸುವ ಅಜ್ಜಿ ಮಾತ್ರ ಇಂದಿಗೂ 'ಕಾಕಾ ನೋಡು' ಎಂದೇ ಹೇಳುವುದು. ಅನುಕರಣೆ ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಹುಟ್ಟುತ್ತದೆ, ಪದ ಹಳೆಯದಾಗುತ್ತ ಸಾಗುತ್ತದೆ. ಒಂದೇ ಮನೆಯಲ್ಲಿ ಎರಡೂ ಇರುತ್ತವೆ.

ಹೀಗೆ ಸವೆದ ಪದವನ್ನು ಅನುಕರಣೆಯೆಂದು ಗುರುತಿಸುವುದು ಹೇಗೆ? ಇಂದಿನ ರೂಪವನ್ನು ನೇರವಾಗಿ ಕೂಗಿಗೆ ಹೋಲಿಸಿದರೆ ಸಾಲದು. ಮೊದಲು ಸವೆತವನ್ನು ಹಿಂದಕ್ಕೆ ಓಡಿಸಬೇಕು: ಪ್ರತ್ಯಯ ತೆಗೆಯಬೇಕು, ಮೆತ್ತಗಾದ ವ್ಯಂಜನವನ್ನು ಗಡಸು ಮಾಡಬೇಕು, ನಡುವೆ ನುಸುಳಿದ ಸ್ವರ ಕಳೆಯಬೇಕು. ಆಮೇಲೆ ನೆರೆಯ ಭಾಷೆಗಳ ರೂಪದೊಡನೆ ಸರಿನೋಡಬೇಕು. ಕೊನೆಗೆ ಹಕ್ಕಿಯ ಕೂಗಿನ ತುಂಡುಗಳ ಎಣಿಕೆ, ಲಯ, ಮಟ್ಟಗಳಿಗೆ ಅದು ತಾಳೆಯಾಗುತ್ತದೆಯೇ ಎಂದು ಕೇಳಬೇಕು. ಕೋಗಿಲೆಯನ್ನು ಹೀಗೆ ಬಿಚ್ಚಿದರೆ ಸಂಸ್ಕೃತದ ಕೋಕಿಲ ಸಿಗುತ್ತದೆ. ಹಳಗನ್ನಡದಲ್ಲಿ ಕೋಗಿಲೆಯ ದನಿಗೆ ಕುಕಿಲ್ ಎಂಬ ಪದವಿದೆ, ತಮಿಳಿನಲ್ಲಿ ಹಕ್ಕಿಯೇ ಕುಯಿಲ್. ಮೂರರಲ್ಲೂ 'ಕು' ಮತ್ತು ಅದರ ಹಿಂದಿನ ಏರುದನಿಯ ನೆನಪು ಇದೆ.

ಕೋಗಿಲೆಯ ವಿಷಯದಲ್ಲಿ ಇನ್ನೊಂದು ಅಂಶವನ್ನು ಬಹಳ ಜನ ಮರೆಯುತ್ತಾರೆ. 'ಕುಹೂ' ಎಂದು ಏರುತ್ತ ಹೋಗುವುದು ಕಪ್ಪು ಮೈಯ ಗಂಡು. ಕಂದು ಮೈಯ ಮೇಲೆ ಬಿಳಿ ಚುಕ್ಕೆಯಿರುವ ಹೆಣ್ಣು ಹಾಗೆ ಹಾಡುವುದಿಲ್ಲ, 'ಕಿಕ್ ಕಿಕ್ ಕಿಕ್' ಎಂದು ಚೀರುತ್ತದೆ. ಅಂದರೆ ಹೆಸರು ಬಂದದ್ದು ಗಂಡಿನ ಬೇಸಿಗೆಯ ಕೂಗಿನಿಂದ ಮಾತ್ರ. ಮಳೆಗಾಲ ಮುಗಿದ ಮೇಲೆ ಗಂಡೂ ಹೆಚ್ಚಾಗಿ ಸುಮ್ಮನಿರುತ್ತದೆ. ಒಂದು ಹಕ್ಕಿಗೆ ಹತ್ತಾರು ಕೂಗುಗಳಿರುತ್ತವೆ: ಹಾಡು, ಎಚ್ಚರಿಕೆ, ಮರಿಯ ಕರೆ, ಜಗಳ. ಹೆಸರಾಗುವುದು ಅವುಗಳಲ್ಲಿ ಒಂದೇ, ಅದು ಸಾಮಾನ್ಯವಾಗಿ ಎಲ್ಲಕ್ಕಿಂತ ಜೋರಾಗಿ ಮತ್ತೆಮತ್ತೆ ಬರುವಂಥದು. ತಪ್ಪು ತಿಂಗಳಲ್ಲಿ, ತಪ್ಪು ಲಿಂಗದ ಹಕ್ಕಿಯನ್ನು ಕೇಳಿ 'ಈ ಹೆಸರು ಕೂಗಿನಿಂದ ಬಂದದ್ದಲ್ಲ' ಎಂದು ತೀರ್ಮಾನಿಸಿದರೆ ಮೋಸಹೋಗುತ್ತೇವೆ.

ಎಚ್ಚರಿಕೆಯ ಕೂಗಿನಿಂದ ಹೆಸರು ಪಡೆದದ್ದು ಟಿಟ್ಟಿಭ. ಕೆರೆ ಬಯಲಿನಲ್ಲಿ, ಉತ್ತ ಹೊಲದಲ್ಲಿ ಯಾರು ಕಾಲಿಟ್ಟರೂ ರಾತ್ರಿ ಹಗಲೆನ್ನದೆ ಎದ್ದು ಹಾರಾಡುತ್ತ ಕಿರುಚುವ, ಕಣ್ಣ ಮುಂದೆ ಕೆಂಪು ಜೋಲಿನ ಹಕ್ಕಿ. ಕೂಗು ಮೊನಚು, ತುಂಡುತುಂಡು, ಮೊದಲ ತುಂಡಿನ ಮೇಲೆ ಒತ್ತು. ಇಂಗ್ಲಿಷರು ಅದನ್ನು 'ಡಿಡ್ ಹಿ ಡು ಇಟ್' ಎಂದು ವಾಕ್ಯವಾಗಿಯೇ ಕೇಳಿಸಿಕೊಂಡರು. ಮರಾಠಿಯಲ್ಲಿ ಟಿಟವಿ, ಗುಜರಾತಿಯಲ್ಲಿ ಟಿಟೋಡಿ, ಹಿಂದಿಯಲ್ಲಿ ಟಿಟಿಹರಿ, ಮಲಯಾಳದಲ್ಲಿ ತಿತ್ತಿರಿ. ತಮಿಳರು ಮಾತ್ರ ಸದ್ದು ಬಿಟ್ಟು ಕೆಲಸ ನೋಡಿ ಆಳ್‌ಕಾಟ್ಟಿ ಎಂದರು, ಅಂದರೆ ಆಳನ್ನು ತೋರಿಸಿಕೊಡುವಂಥದು. ಮಲಯಾಳದ ತಿತ್ತಿರಿ ಇಲ್ಲಿ ಎಡವಿಸುವ ಕಲ್ಲು. ಸಂಸ್ಕೃತದಲ್ಲಿ ತಿತ್ತಿರಿ ಎಂದರೆ ಕೌಜುಗ. ತೈತ್ತಿರೀಯ ಎಂಬ ವೇದಶಾಖೆಯ ಹೆಸರಿನ ಕಥೆಯಲ್ಲಿ ಬರುವುದು ಅದೇ ಹಕ್ಕಿ. ಕೌಜುಗದ ಕೂಗೂ 'ತೀ-ತರ್, ತೀ-ತರ್' ಎಂದೇ ಕೇಳುತ್ತದೆ, ಹಿಂದಿಯಲ್ಲಿ ಅದು ತೀತರ್. ಬಯಲಿನ ಎರಡು ಹಕ್ಕಿಗಳು, ಎರಡಕ್ಕೂ ತೆಳುವಾದ ತುಂಡುಗೂಗು, ಒಂದೇ ಅಚ್ಚಿನ ಪದ ಒಂದೊಂದು ನಾಡಿನಲ್ಲಿ ಒಂದೊಂದು ಹಕ್ಕಿಯ ಮೇಲೆ ಕೂತಿದೆ. ಹಳೆಯ ಪಠ್ಯದಲ್ಲಿ ಇಂಥ ಹೆಸರು ಕಂಡಾಗ ಸದ್ದಿನ ಹೋಲಿಕೆಯಿಂದ ಹಕ್ಕಿ ಯಾವುದೆಂದು ಹೇಳಲಾಗದು. ಸುತ್ತಲ ವರ್ಣನೆ, ಜಾಗ, ನಡತೆ ನೋಡಿಯೇ ಹೇಳಬೇಕು.

ಇನ್ನು ಕೂಗಿನಿಂದ ಬಂದಂತೆ ಕಾಣುವ, ಆದರೆ ಹಾಗಲ್ಲದ ಹೆಸರುಗಳು. ಕೌಜುಗದ ಇನ್ನೊಂದು ರೂಪ ಗೌಜಲಕ್ಕಿ. 'ಗೌಜು ಎಬ್ಬಿಸುತ್ತದೆ, ಅದಕ್ಕೇ ಗೌಜಲಕ್ಕಿ' ಎಂಬ ವಿವರಣೆ ಎಲ್ಲರಿಗೂ ಕೂಡಲೇ ಹೊಳೆಯುತ್ತದೆ. ಆದರೆ ಕನ್ನಡದಲ್ಲೇ ಕೌಜುಗ ಇದೆ, ತೆಲುಗಿನಲ್ಲಿ ಕೌಜು, ತಮಿಳಿನಲ್ಲಿ ಕವುದಾರಿ. ಎಲ್ಲವೂ ಕಕಾರದಿಂದ ಶುರು. ಗದ್ದಲ ಎಂಬ ಅರ್ಥದ ಗೌಜಿನಿಂದ ಹೆಸರು ಹುಟ್ಟಿದ್ದರೆ ನೆರೆಯವರಲ್ಲೂ ಗಕಾರ ಕಾಣಬೇಕಿತ್ತು. ನಡೆದಿರುವುದು ತಿರುಗುಮುರುಗು: ಅರ್ಥ ಮಸುಕಾದ ಹಳೆಯ ಕೌಜನ್ನು ಜನ ತಮಗೆ ಗೊತ್ತಿರುವ ಗೌಜಿನ ಕಡೆಗೆ ಎಳೆದುಕೊಂಡಿದ್ದಾರೆ. ಕೆಂಬೂತದ ಕಥೆಯೂ ಹೀಗೆಯೇ. ಪೊದೆಯೊಳಗಿಂದ 'ಕೂಪ್ ಕೂಪ್ ಕೂಪ್' ಎಂದು ಗುಮ್ಮನ ಹಾಗೆ ಕೂಗುವುದರಿಂದ ಅದು ಭೂತವೆಂದು ಹೇಳುವವರಿದ್ದಾರೆ. ತಮಿಳು, ಮಲಯಾಳಗಳ ಚೆಂಬೋತ್ತು ಪಕ್ಕಕ್ಕಿಟ್ಟರೆ ಭೂತ ಬಿಟ್ಟುಹೋಗುತ್ತದೆ. ಕೆಂ ಎಂಬುದು ಚೆಂ, ಎರಡೂ ಕೆಂಪೇ, ರೆಕ್ಕೆಯ ಇಟ್ಟಿಗೆ ಬಣ್ಣ. ಅಂದರೆ ಕೂಗಿಗೆ ಅಷ್ಟು ಹೆಸರಾದ ಹಕ್ಕಿ ಕನ್ನಡದಲ್ಲಿ ಬಣ್ಣದ ಹೆಸರು ಹೊತ್ತಿದೆ. ತುಳುವಿನ ಕುಪ್ಪುಳುವಿನಲ್ಲಾದರೋ ಆ 'ಕೂಪ್' ಎದ್ದು ಕೇಳುತ್ತದೆ.

ಕೊಕ್ಕರೆ ಕೂಗಿನ ಹೆಸರಿಗೂ ಹಾಗೆ ಕಾಣುವ ಹೆಸರಿಗೂ ನಡುವೆ ನಿಲ್ಲುತ್ತದೆ. ಬೆಳ್ಳಕ್ಕಿ, ನಾರೆಗಳು ಗೂಡಿನಲ್ಲಿ 'ಕೊಕ್, ಕ್ರಾ' ಎಂದು ಒರಟಾಗಿ ಸದ್ದು ಮಾಡುತ್ತವೆ. ತಮಿಳಿನಲ್ಲಿ ಕೊಕ್ಕು ಎಂದರೇ ಹಕ್ಕಿ. ಕನ್ನಡದಲ್ಲಿ ಕೊಕ್ಕು ಎಂದರೆ ಹಕ್ಕಿಯ ಮೂತಿ. ಉದ್ದ ಮೂತಿಯಿಂದ ಹೆಸರು ಬಂತೋ, ಒರಟು ದನಿಯಿಂದ ಬಂತೋ ಎಂದು ಕನ್ನಡವೊಂದನ್ನೇ ನೋಡಿ ತೀರ್ಪು ಕೊಡಬಾರದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಕಿವಿಗೊಟ್ಟು ಪರೀಕ್ಷಿಸುತ್ತೇನೆಂದರೂ ಉಪಯೋಗವಿಲ್ಲ. ಅಲ್ಲಿ ಗೂಡು ಕಟ್ಟುವ ದೊಡ್ಡ ಬಣ್ಣದ ಕೊಕ್ಕರೆಗೆ ಕಂಠವೇ ಬಹುಮಟ್ಟಿಗೆ ಮೂಕ. ಮೇಲಿನ ಕೆಳಗಿನ ಮೂತಿಗಳನ್ನು ಪಟಪಟನೆ ಬಡಿದು ಅದು ಸದ್ದು ಮಾಡುತ್ತದೆ. ಹೆಸರು ಒಂದು ಹಕ್ಕಿಯಿಂದ ಹುಟ್ಟಿ ಅದರ ನೆಂಟರಿಗೆಲ್ಲ ಹರಡಿದ ಮೇಲೆ ಕೂಗಿನ ಪರೀಕ್ಷೆ ಹೀಗೆ ಸೋಲುತ್ತದೆ. ಗೂಬೆಯಲ್ಲೂ ಅದೇ. ಊರಿನಲ್ಲಿ ಹೆಚ್ಚು ಕಾಣುವ ಪುಟ್ಟ ಚುಕ್ಕೆಗೂಬೆ 'ಗೂ' ಎನ್ನುವುದೇ ಇಲ್ಲ, ಚಿರಚಿರ ಎಂದು ಜಗಳವಾಡುತ್ತದೆ. ಅದಕ್ಕೆ ಜನ ಹಾಲಕ್ಕಿ ಎಂಬ ಬೇರೆ ಹೆಸರನ್ನೇ ಇಟ್ಟುಕೊಂಡಿರುವುದು ಸರಿಯಾಗಿದೆ.

ಪ್ರಾಣಿಗಳ ಕಡೆ ತಿರುಗಿದರೆ ಚಿತ್ರ ಬೇರೆ. ಸಾಕುಪ್ರಾಣಿಗಳಿಗೆ ಕೂಗಿನ ಹೆಸರು ಬಲು ಕಡಿಮೆ. ಹಸು, ಎತ್ತು, ಹೋರಿ, ಕಡಸು, ಕರು ಎಂದು ವಯಸ್ಸು, ಲಿಂಗ, ಕೆಲಸ ನೋಡಿ ಹೆಸರಿಡುವವರಿಗೆ 'ಅಂಬಾ' ಎಂಬ ಸದ್ದಿನಿಂದ ಏನೂ ಗೊತ್ತಾಗದು. ಕನ್ನಡ ಇಲ್ಲಿ ಸದ್ದನ್ನು ಕ್ರಿಯಾಪದಕ್ಕೆ ಹಾಕಿತು. ನರಿ ಊಳಿಡುತ್ತದೆ, ಆನೆ ಘೀಳಿಡುತ್ತದೆ, ಕಪ್ಪೆ ವಟಗುಟ್ಟುತ್ತದೆ, ಹಲ್ಲಿ ಲೊಚಗುಟ್ಟುತ್ತದೆ. ಊಳ್, ಘೀಳ್, ವಟ, ಲೊಚ ಎಂಬ ಸದ್ದಿನ ತುಣುಕಿಗೆ ಇಡು, ಗುಟ್ಟು ಎಂಬ ಹಿಡಿ ಹಾಕಿದರೆ ಕ್ರಿಯಾಪದ ತಯಾರು. ಸದ್ದು ಒಂಟಿಯಾಗಿ ನಿಲ್ಲದೆ ಜೋಡಿಯಾಗಿ ಬಂದರೆ, ಪಟಪಟ, ಚಿಲಿಪಿಲಿ, ವಟವಟ ಎಂಬ ಅನುಕರಣಾವ್ಯಯ. ಅದಕ್ಕೆ ನೆ ಹಚ್ಚಿದರೆ ಪಟಪಟನೆ. ಶಾಲೆಯ ವ್ಯಾಕರಣದಲ್ಲಿ ಪಟ್ಟಿಯಾಗಿ ಓದುವ ಈ ಅವ್ಯಯಗಳೇ ಹಕ್ಕಿಹೆಸರಿನ ಕಚ್ಚಾಸಾಮಗ್ರಿ. ಹೆಸರಿಗೆ ಮಾತ್ರ ಹಿಡಿ ಬೇರೆ: ಎ ಅಥವಾ ಇ ಪ್ರತ್ಯಯ, ಇಲ್ಲವೇ ಸದ್ದಿನ ಹಿಂದೆ ನೇರವಾಗಿ 'ಹಕ್ಕಿ'. ಜೋಡಿಯಾಗಿ ಬರುವ ಸದ್ದು ಹೆಸರಾಗುವಾಗ ಹೆಚ್ಚಾಗಿ ಒಂದಕ್ಕೆ ಇಳಿಯುತ್ತದೆ, ಇಲ್ಲವೇ ಎರಡೂ ಬೆಸೆದು ಒಂದಾಗುತ್ತವೆ.

ಸಾಕುಪ್ರಾಣಿಗಳಲ್ಲಿ ಎದ್ದು ಕಾಣುವ ಹೊರತು ಮೇಕೆ. 'ಮೇ' ಎಂಬ ಒರಲು, ಅದರ ಹಿಂದೆ ಕೆ. ತೆಲುಗಿನಲ್ಲಿ ಮೇಕ. ಮೇಯುವುದರಿಂದ ಮೇಕೆ ಎಂದು ಬಿಡಿಸುವ ಅಭ್ಯಾಸ ಇದೆ. ಆದರೆ ಕ್ರಿಯಾಪದಕ್ಕೆ ಕೆ ಹಚ್ಚಿದರೆ ಕನ್ನಡದಲ್ಲಿ ಕೆಲಸದ ಹೆಸರೋ ವಸ್ತುವಿನ ಹೆಸರೋ ಬರುತ್ತದೆ. ನಂಬಿಕೆ, ಹೊದಿಕೆ, ಹೇಳಿಕೆ ಎಂಬ ಹಾಗೆ. ಆ ಕೆಲಸ ಮಾಡುವ ಪ್ರಾಣಿಯ ಹೆಸರು ಬರುವುದಿಲ್ಲ. ಮೇಯುವುದು ಮೇಕೆಯೊಂದೇ ಅಲ್ಲ ಎಂಬುದೂ ಇದೆ. ಹಾಗಾಗಿ ಒರಲಿನ ಕಡೆ ತಕ್ಕಡಿ ವಾಲುತ್ತದೆ. ಹುಳುಗಳಲ್ಲಿ ಜೀರುಂಡೆಯದು ಸ್ಪಷ್ಟ. 'ಜೀರ್' ಎಂಬ ಸದ್ದು ಹೆಸರಿನ ಮೊದಲಲ್ಲೇ ಕೂತಿದೆ, ಮತ್ತು ಜೀರುಂಡೆಯೂ ಕುಟುರದ ಹಾಗೆ ಕಾಣದೆ ಕೇಳುವ ಜೀವಿ.

ಕೂಗನ್ನು ನೇರ ಅನುಕರಿಸದೆ ಕೂಗಿನ ಹೋಲಿಕೆಯಿಂದ ಕಟ್ಟಿದ ಹೆಸರುಗಳೂ ಇವೆ, ಅವನ್ನು ಬೇರೆ ಗುಂಪಿನಲ್ಲಿ ಇಡುವುದು ಒಳ್ಳೆಯದು. ಕುಟುರದ ಚಿಕ್ಕ ನೆಂಟ ಒಂದಿದೆ, ಹಣೆ ಕೆಂಪು, ಎದೆಯ ಮೇಲೂ ಕೆಂಪು ಕಲೆ. ಅದು 'ಕುಟ್ರೂ' ಎನ್ನದು. ಕೊಕ್ಕು ತೆರೆಯದೆಯೇ ಗಂಟಲು ಉಬ್ಬಿಸಿ ಇಳಿಸಿ 'ಟುಕ್, ಟುಕ್, ಟುಕ್' ಎನ್ನುತ್ತದೆ, ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ, ಗಡಿಯಾರದಷ್ಟು ಸಮನಾಗಿ. ಕಂಚು ಬಡಿಯುವ ಸದ್ದು ಕೇಳಿ ಬೆಳೆದವರು ಅದನ್ನು ಕಂಚುಕುಟಿಗ ಎಂದರು. ಎಡೆಬಿಡದೆ ಗುಂಪಾಗಿ ಕಚಪಚ ಎನ್ನುವ ಹಕ್ಕಿ ಹರಟೆಮಲ್ಲ. ಇವುಗಳಲ್ಲಿ ಕೂಗಿನ ಅಕ್ಷರಗಳಿಲ್ಲ, ಕೂಗಿನ ಗುಣವಿದೆ. ಪಟ್ಟಿ ಮಾಡುವವರು ಕಂಚುಕುಟಿಗನನ್ನು 'ಕೆಂಪೆದೆ ಕುಟುರ' ಎಂದು ಬದಲಿಸಿದರೆ ಗುಂಪಿನ ಹೆಸರು ಅಚ್ಚುಕಟ್ಟಾಗುತ್ತದೆ ನಿಜ. ಆದರೆ ಕುಟುರ ಎಂಬ ಪದ ಆ ಕ್ಷಣವೇ ಕೂಗಿನಿಂದ ಕಳಚಿ ಕುಲದ ಹೆಸರಾಗಿಬಿಡುತ್ತದೆ. ಹೆಸರು ನಂಬಿ 'ಕುಟ್ರೂ' ಕೇಳಲು ಕಾದವನಿಗೆ ಹಕ್ಕಿ ಸಿಗುವುದಿಲ್ಲ. ಕುಟುರವನ್ನು 'ಕುಟ್ರೂ' ಎನ್ನುವ ಬಿಳಿಕೆನ್ನೆಯದಕ್ಕೂ ಅದರ ನೆಂಟ ಕಂದುತಲೆಯದಕ್ಕೂ ಇಟ್ಟು, ಬಣ್ಣದ ಮಾತನ್ನು ಅದರ ಮುಂದೆ ವಿಶೇಷಣವಾಗಿ ಸೇರಿಸಿ, ಕಂಚುಕುಟಿಗನನ್ನು ಅದರ ಪಾಡಿಗೆ ಬಿಡುವುದೇ ಸರಿಯೆಂದು ನಮ್ಮ ಅಭಿಪ್ರಾಯ.

ಹಳ್ಳಿಯಲ್ಲಿ ಹೆಸರು ಸಂಗ್ರಹಿಸಲು ಹೊರಟವರು ಪ್ರಶ್ನೆಯ ಕ್ರಮ ನೋಡಿಕೊಳ್ಳಬೇಕು. 'ಈ ಹಕ್ಕಿಯ ಹೆಸರೇನು' ಎಂದು ಮೊದಲು ಕೇಳಿ, ಆಮೇಲೆ 'ಹೇಗೆ ಕೂಗುತ್ತದೆ' ಎಂದರೆ ಹೇಳುವವರು ಹೆಸರಿಗೆ ತಕ್ಕಂತೆ ಕೂಗನ್ನು ತಿದ್ದಿ ಹೇಳುತ್ತಾರೆ. ಗೂಬೆ ಎಂದ ಬಾಯಿ ಮರುಕ್ಷಣ 'ಗೂಬ್ ಗೂಬ್' ಎನ್ನುತ್ತದೆ. ಹೀಗಾಗಿ ಮೊದಲು ಕೂಗು ಮಾಡಿಸಿ, ಮೊಬೈಲಿನಲ್ಲಿ ಅರ್ಧ ನಿಮಿಷ ಹಿಡಿದುಕೊಂಡು, ಬಳಿಕ ಹೆಸರು ಕೇಳಬೇಕು. ಬೇರೆಬೇರೆ ವಯಸ್ಸಿನ ಮೂವರನ್ನಾದರೂ ಒಬ್ಬರಿಗೊಬ್ಬರು ಕೇಳದಂತೆ ವಿಚಾರಿಸಿದರೆ, ಒಬ್ಬರ ಕಲ್ಪನೆ ಯಾವುದು, ಊರಿನ ಪದ ಯಾವುದು ಎಂದು ತಿಳಿಯುತ್ತದೆ. ಹಕ್ಕಿಯ ದನಿಯನ್ನೂ ಬೇರೆಯಾಗಿ ಹಿಡಿದು, ತುಂಡುಗಳೆಷ್ಟು, ಒತ್ತು ಯಾವುದರ ಮೇಲೆ, ಕೊನೆ ಏರುತ್ತದೋ ಇಳಿಯುತ್ತದೋ ಎಂದು ಬರೆಯಬೇಕು. ತಿಂಗಳು, ಹೊತ್ತು, ಗೊತ್ತಾದರೆ ಗಂಡೋ ಹೆಣ್ಣೋ ಎಂಬುದು ಜೊತೆಗಿರಲಿ. ಕಾಗಿ, ಗೂಗಿ ಎಂದು ಹೇಳಿದ್ದನ್ನು ಕಾಗೆ, ಗೂಬೆ ಎಂದು ತಿದ್ದಿ ಬರೆದರೆ ಮುಂದೆ ಸವೆತದ ಜಾಡು ಹಿಡಿಯುವವರಿಗೆ ಎಲ್ಲ ಸುಳಿವೂ ಅಳಿಸಿಹೋಗುತ್ತದೆ.

ಒಂದೇ ಹಕ್ಕಿಗೆ ಎರಡು ಹೆಸರು ಸಿಕ್ಕಾಗ ಒಂದನ್ನು ಕೈಬಿಡುವ ಆತುರ ಬೇಡ. ಎಲೆಗಳನ್ನು ನಾರಿನಿಂದ ಹೊಲಿದು ಗೂಡು ಮಾಡುವ ಪುಟ್ಟ ಹಕ್ಕಿಗೆ ಸಿಂಪಿಗ ಎನ್ನುತ್ತಾರೆ, ಅಂದರೆ ದರ್ಜಿ. ಅದನ್ನೇ ಟುವ್ವಿಹಕ್ಕಿ ಎಂದೂ ಕರೆಯುತ್ತಾರೆ. ಗೂಡು ನೋಡುವ ಅವಕಾಶ ವರ್ಷಕ್ಕೆ ಒಮ್ಮೆಯೋ ಎರಡು ಸಲವೋ, ಅದೂ ದಾಸವಾಳದ ಎಲೆ ಸರಿಸಿದವರಿಗೆ. ಬೇಲಿಯೊಳಗಿಂದ, ಅಷ್ಟು ಚಿಕ್ಕ ಮೈಗೆ ಹೊಂದದಷ್ಟು ಜೋರಾಗಿ 'ಟುವ್ವಿ, ಟುವ್ವಿ, ಟುವ್ವಿ' ಎಂಬುದು ದಿನವೂ ಕೇಳುತ್ತದೆ. ಪಟ್ಟಿಯಲ್ಲಿ ಎರಡೂ ಇರಲಿ, ಟುವ್ವಿ ಮೊದಲು.